ಅಗ್ಗದ ಕಾರು: ಯಾವ ಸುರಕ್ಷತೆಗೆ ಹೆಚ್ಚು ಹಣ ಕೊಡಬೇಕು?

ಶೋರೂಮಿನಲ್ಲಿ ‘ಎಬಿಎಸ್ ಇದೆ ಸಾರ್’ ಎಂದು ಒತ್ತಿ ಹೇಳಿದರೆ ಅದನ್ನು ಹೆಚ್ಚುಗಾರಿಕೆ ಎಂದುಕೊಳ್ಳಬೇಡಿ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆ ಅದು ಕಡ್ಡಾಯ. ಬೇಸ್ ಮಾಡೆಲ್‌ನ ಬೆಲೆಯಲ್ಲೇ ಸೇರಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿ ನಿಲ್ಲದಂತೆ ನೋಡಿಕೊಂಡು, ಸ್ಟೀರಿಂಗ್ ನಿಮ್ಮ ಮಾತು ಕೇಳುವಂತೆ ಉಳಿಸುವುದು ಅದರ ಕೆಲಸ. ಆಗ ಪೆಡಲ್ ಅದುರುತ್ತದೆ. ಹೆದರಿ ಕಾಲು ತೆಗೆಯಬಾರದು.

ನಿಜವಾಗಿ ಯೋಚಿಸಬೇಕಾದದ್ದು ಇಎಸ್‌ಸಿ ಬಗ್ಗೆ. ಕೆಲವು ಕಂಪನಿಗಳು ಇದನ್ನೇ ಇಎಸ್‌ಪಿ ಎನ್ನುತ್ತವೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೀರಿ ಎನ್ನಿ. ಬಲ ತಿರುವಿನಲ್ಲಿ ವೇಗ ತುಸು ಹೆಚ್ಚಾಗಿ ಕಾರಿನ ಹಿಂಭಾಗ ಹೊರಕ್ಕೆ ಜಾರತೊಡಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂಬುದನ್ನು ಸೆನ್ಸರ್‌ಗಳು ಹೋಲಿಸಿ ನೋಡುತ್ತವೆ. ವ್ಯತ್ಯಾಸ ಕಂಡೊಡನೆ ವ್ಯವಸ್ಥೆಯು ಎಡ ಮುಂಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಚಾಲಕ ಎಷ್ಟೇ ಪಳಗಿದ್ದರೂ ಒಂದೇ ಚಕ್ರಕ್ಕೆ ಬ್ರೇಕ್ ಹಾಕಲಾರ. ಆದರೆ ಸವೆದ ಟೈರಿಗೆ ಇಲ್ಲದ ಹಿಡಿತವನ್ನು ಇಎಸ್‌ಸಿ ಸೃಷ್ಟಿಸದು, ಅತಿವೇಗವನ್ನೂ ಕ್ಷಮಿಸದು.

ಎಡಾಸ್ ಎಂದು ಕರೆಯುವ ಚಾಲಕ ಸಹಾಯದ ಸೌಲಭ್ಯಗಳ ಕಥೆ ಬೇರೆ. ಮುಂದಿನ ವಾಹನಕ್ಕೆ ಗುದ್ದುವ ಹಾಗಾದಾಗ ತಾನೇ ಬ್ರೇಕ್ ಹಾಕುವುದು ಉಪಯುಕ್ತವೇ. ಆದರೆ ಲೇನ್ ಬಿಡದಂತೆ ಕಾಯುವ ಕ್ಯಾಮೆರಾಗೆ ಸ್ಪಷ್ಟವಾದ ಬಿಳಿಗೆರೆ ಬೇಕು. ಗೆರೆ ಅಳಿಸಿದ ರಸ್ತೆಯಲ್ಲಿ, ಜಡಿಮಳೆಯಲ್ಲಿ, ಮಂಜಿನಲ್ಲಿ ಅದು ಕುರುಡು. ಮುಂಗಾಜು ಒಡೆದು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸುವ ಖರ್ಚೂ ಬೀಳಬಹುದು.

ಈಗ ಲೆಕ್ಕ ಹಾಕೋಣ. ಇಎಸ್‌ಸಿ ಇರುವ ವೇರಿಯಂಟಿಗೆ 60,000 ರೂಪಾಯಿ, ಎಡಾಸ್ ಇರುವುದಕ್ಕೆ 2 ಲಕ್ಷ ಹೆಚ್ಚು ಎನ್ನಿ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲವಾದರೆ ಮೊದಲನೆಯದಕ್ಕೆ ತಿಂಗಳಿಗೆ ಸುಮಾರು 1,245 ರೂಪಾಯಿ, ಎರಡನೆಯದಕ್ಕೆ ಸುಮಾರು 4,150 ರೂಪಾಯಿ ಕಂತು ಹೆಚ್ಚುತ್ತದೆ. ಆ 2 ಲಕ್ಷದಲ್ಲಿ ಸನ್‌ರೂಫ್, ದೊಡ್ಡ ಪರದೆ, ಅಲಾಯ್ ಚಕ್ರಗಳ ಪಾಲೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ಬ್ರೋಷರಿನಲ್ಲಿ ಇಬಿಡಿ ಎಂದಿದ್ದರೆ ಅದು ಇಎಸ್‌ಸಿ ಅಲ್ಲ. ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯಷ್ಟೇ. ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಜಾರುಗೆರೆಗಳಿರುವ ಕಾರಿನ ಚಿತ್ರ ಹೊತ್ತಿ ಆರುತ್ತದೆಯೇ ನೋಡಿ. ನೀವು ಕೊಳ್ಳಲಿರುವ ವೇರಿಯಂಟಿನ ಹೆಸರಿನ ಮುಂದೆಯೇ ಇಎಸ್‌ಸಿ ಎಂದು ಬರೆಸಿಕೊಳ್ಳಿ.

ಘಾಟಿ, ಹೆದ್ದಾರಿ, ಮಳೆನಾಡಿನಲ್ಲಿ ಓಡಾಡುವವರು ಸನ್‌ರೂಫ್ ಬಿಟ್ಟಾದರೂ ಇಎಸ್‌ಸಿ ಕೊಳ್ಳಬೇಕು. ಎಡಾಸ್‌ಗೆ ಹಣ ಕೊಡುವುದು ಗೆರೆ ಎಳೆದ ಹೆದ್ದಾರಿಯಲ್ಲಿ ದಿನವೂ ದೂರ ಓಡಿಸುವವರಿಗೆ ಮಾತ್ರ ತಕ್ಕುದು. ಉಳಿದವರು ಆ ಹಣದಲ್ಲಿ ಒಳ್ಳೆಯ ಟೈರು ಹಾಕಿಸಲಿ.