ವಾರ್ಡನ್ ಪತ್ರದ ಊಟದ ಪಟ್ಟಿ

ಹಾಸ್ಟೆಲ್ ವಾರ್ಡನ್ ಪೋಷಕರಿಗೆ ಕಳಿಸುವ ಪತ್ರದಲ್ಲಿ ಒಕ್ಕಣೆಗಿಂತ ಕೆಳಗಿನ ಪಟ್ಟಿಯನ್ನೇ ನಿಧಾನವಾಗಿ ಓದಬೇಕು. ಉದಾಹರಣೆಗೆ, ಪರಿಷ್ಕೃತ ವಾರದ ಪಟ್ಟಿಯೊಂದರ ಮೊದಲ ಮೂರು ದಿನ ಹೀಗಿರಬಹುದು:

| ದಿನ | ತಿಂಡಿ | ರಾತ್ರಿ |
|---|---|---|
| ಸೋಮವಾರ | ಇಡ್ಲಿ, ಸಾಂಬಾರ್ | ಚಪಾತಿ, ಹೆಸರುಕಾಳು ಪಲ್ಯ |
| ಮಂಗಳವಾರ | ಚಿತ್ರಾನ್ನ | ಮುದ್ದೆ, ಬಸ್ಸಾರು |
| ಬುಧವಾರ | ಉಪ್ಪಿಟ್ಟು | ಅನ್ನ, ಸಾರು, ಮೊಟ್ಟೆ |

ಮಂಗಳವಾರ ರಾತ್ರಿ ಮೊದಲು ಅನ್ನ, ತಿಳಿಸಾರು ಇತ್ತು ಎಂದುಕೊಳ್ಳಿ. ಬೆಳಿಗ್ಗೆಯೂ ಅನ್ನವೇ, ಕಾಳಿನ ಸುಳಿವಿಲ್ಲ. ಬಸ್ಸಾರು ಬಂದರೆ ಬಸಿದ ಕಾಳು, ಸೊಪ್ಪು ಪಲ್ಯವಾಗಿ ತಟ್ಟೆಗೆ ಬೀಳುತ್ತವೆ. ದಿನವೂ ಚಪಾತಿ ಕೊಡಬಾರದೇ ಎನ್ನುವವರು ಅಡುಗೆಮನೆಗೊಮ್ಮೆ ಹೋಗಿಬರಲಿ: ನೂರು ಮಕ್ಕಳಿಗೆ ತಲಾ ಮೂರೆಂದರೆ ಮುನ್ನೂರು ಲಟ್ಟಿಸಬೇಕು. ಮುದ್ದೆಯಾದರೆ ಒಂದೆರಡು ದೊಡ್ಡ ಪಾತ್ರೆಯಲ್ಲಿ ತೊಳಸಿದರಾಯಿತು.

ಪಟ್ಟಿ ಹೇಳದಿರುವುದು ಅಳತೆಯನ್ನು. ಬುಧವಾರ ಮೊಟ್ಟೆ ತಿನ್ನದವರಿಗೆ ಏನು? ಹಲವೆಡೆ ಬಾಳೆಹಣ್ಣು ಕೊಟ್ಟು ಮುಗಿಸುತ್ತಾರೆ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂನಷ್ಟು. 25 ಗ್ರಾಂ ಹೆಸರುಕಾಳು ಬೇಯಿಸಿ ಉಸಲಿ ಮಾಡಿಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಪೋಷಕರು ಮರುಪತ್ರದಲ್ಲಿ ಕೇಳಬೇಕಾದದ್ದು ಇದನ್ನೇ.