ಬೈಕ್ ಹ್ಯಾಂಡಲ್ ಮೇಲೆ ಐದು ವೋಲ್ಟ್

ಚಾರ್ಜರ್ ಹಾಕಿಸಿದ ಮೇಲೆ ಬೈಕಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದೆ ಎನ್ನುವವರ ಗಾಡಿಯ ಸೈಡ್ ಪ್ಯಾನೆಲ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಇದು: ಯುಎಸ್‌ಬಿ ಸಾಕೆಟ್‌ನ ಕೆಂಪು ವೈರು ನೇರವಾಗಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ವೈರು ಮೈನಸ್‌ಗೆ. ನಡುವೆ ಫ್ಯೂಸ್ ಇಲ್ಲ. ಇದ್ದರೂ ಎಲ್ಲೋ ಹ್ಯಾಂಡಲ್ ಹತ್ತಿರ. ಹಾಕಿದ ದಿನ ಫೋನ್ ಚೆನ್ನಾಗಿಯೇ ಚಾರ್ಜ್ ಆಗುತ್ತದೆ. ತೊಂದರೆ ಗೊತ್ತಾಗುವುದು ಊರಿಗೆ ಹೋಗಿ ವಾರ ಬಿಟ್ಟು ಬಂದು ಸೆಲ್ಫ್ ಒತ್ತಿದಾಗ.

ಸಾಕೆಟ್ ಒಳಗಿರುವ ಪುಟ್ಟ ಸರ್ಕ್ಯೂಟಿಗೆ ಬಕ್ ಕನ್ವರ್ಟರ್ ಎನ್ನುತ್ತಾರೆ. ಬೈಕಿನ ವೋಲ್ಟೇಜ್ ಅನ್ನು ಫೋನಿಗೆ ಬೇಕಾದ 5 ವೋಲ್ಟ್‌ಗೆ ಇಳಿಸುವುದು ಅದರ ಕೆಲಸ. ನಾವು 12 ವೋಲ್ಟ್ ಎನ್ನುವ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.7ರ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಓಡುವಾಗ 14 ದಾಟುತ್ತದೆ, ಸೆಲ್ಫ್ ಒತ್ತಿದ ಕ್ಷಣ 10ಕ್ಕೂ ಕೆಳಗೆ ಬೀಳಬಹುದು. ಹಳೆಯ ಬಗೆಯ ರೆಗ್ಯುಲೇಟರ್ ಈ ಹೆಚ್ಚುವರಿ ವೋಲ್ಟೇಜನ್ನು ಶಾಖ ಮಾಡಿ ಕಳೆಯುತ್ತಿತ್ತು. 13.5 ವೋಲ್ಟ್ ಇದ್ದು ಫೋನ್ 2 ಆಂಪ್ ಎಳೆದರೆ ಫೋನಿಗೆ ಸಿಗುವುದು 10 ವ್ಯಾಟ್, ಬಿಸಿಯಾಗಿ ಹೋಗುವುದು 17 ವ್ಯಾಟ್. ಅದನ್ನು ಪ್ಲಾಸ್ಟಿಕ್ ಸಾಕೆಟ್ ಒಳಗೆ ಇಡಲು ಆಗುವುದಿಲ್ಲ. ಬಕ್ ಕನ್ವರ್ಟರ್ ಹಾಗೆ ಮಾಡುವುದಿಲ್ಲ. ನಲ್ಲಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ತೊಟ್ಟಿಯಲ್ಲಿ ನೀರಿನ ಮಟ್ಟ ಕಾಯ್ದುಕೊಂಡಂತೆ, ಅದು ಕರೆಂಟನ್ನು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಆನ್ ಆಫ್ ಮಾಡುತ್ತದೆ. ಒಳಗಿನ ಕಾಯಿಲ್ ಮತ್ತು ಕೆಪಾಸಿಟರ್ ಆ ಏರಿಳಿತವನ್ನು ಸಮಮಾಡಿ ಹೊರಗೆ ನಿಂತ 5 ವೋಲ್ಟ್ ಕೊಡುತ್ತವೆ. ನಷ್ಟ ನೂರಕ್ಕೆ ಹತ್ತು ಹದಿನೈದು ಅಷ್ಟೆ.

ಆದ್ದರಿಂದ ಫೋನ್ 10 ವ್ಯಾಟ್ ತೆಗೆದುಕೊಂಡರೆ ಬೈಕ್ ಕೊಡಬೇಕಾದ್ದು 11-12 ವ್ಯಾಟ್, ಅಂದರೆ 13 ವೋಲ್ಟ್‌ನಲ್ಲಿ ಸುಮಾರು 0.9 ಆಂಪ್. ಒಂದು ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬು ಇದರ ಸರಿಸುಮಾರು ಎರಡರಷ್ಟು ಕರೆಂಟ್ ತಿನ್ನುತ್ತದೆ. ಹಾಗಾಗಿ ಒಂದು ಫೋನ್ ಚಾರ್ಜ್ ಮಾಡುವುದು ಯಾವ ಬೈಕಿಗೂ ಭಾರವಲ್ಲ. ಹಾಗಾದರೆ ಬ್ಯಾಟರಿ ಇಳಿಯುವುದೇಕೆ? ಫೋನ್ ಇಲ್ಲದಾಗಲೂ ಕನ್ವರ್ಟರ್ ಎಚ್ಚರವಾಗಿಯೇ ಇರುತ್ತದೆ. ಅದರ ಐಸಿ ಕೆಲವು ಮಿಲಿಆಂಪ್ ತಿನ್ನುತ್ತದೆ, ನೀಲಿ ಎಲ್‌ಇಡಿ ಇನ್ನಷ್ಟು. ಎರಡೂ ಸೇರಿ 15 ಮಿಲಿಆಂಪ್ ಎಂದಿಟ್ಟುಕೊಳ್ಳೋಣ. ಒಂದು ದಿನಕ್ಕೆ ಅದು 0.36 ಆಂಪ್-ಅವರ್. ಸಣ್ಣ ಬೈಕಿನ 4 ಆಂಪ್-ಅವರ್ ಬ್ಯಾಟರಿ ಹನ್ನೊಂದು ದಿನದಲ್ಲಿ ಬರಿದು. ಸೆಲ್ಫ್ ಎತ್ತುವ ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ.

ಅದಕ್ಕೇ ಕರೆಂಟನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಎನ್ನುವುದೇ ಈ ಕೆಲಸದ ಮುಖ್ಯ ಪ್ರಶ್ನೆ. ಕೀ ಆನ್ ಮಾಡಿದಾಗ ಬರುವ, ಆಫ್ ಮಾಡಿದಾಗ ಹೋಗುವ ಲೈನ್ ಬೇಕು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್ ರೇಂಜಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ ಹಿಡಿದು, ಕೆಂಪು ಕಡ್ಡಿಯಿಂದ ಹುಡುಕಬೇಕು. ವೈರಿನ ಬಣ್ಣ ನೋಡಿ ನಿರ್ಧರಿಸಬಾರದು, ಕಂಪನಿಯಿಂದ ಕಂಪನಿಗೆ ಅದು ಬೇರೆ. ಹೆಡ್‌ಲೈಟ್ ವೈರು ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನು ಹಿಡಿಯುವವರಿದ್ದಾರೆ. ಹಳೆಯ ಎಷ್ಟೋ ಬೈಕ್‌ಗಳಲ್ಲಿ ಹೆಡ್‌ಲೈಟ್ ಓಡುವುದು ಎಂಜಿನ್‌ನ ಕಾಯಿಲ್‌ನಿಂದ ನೇರ ಬರುವ ಎಸಿ ಕರೆಂಟಿನಲ್ಲಿ. ಕನ್ವರ್ಟರಿಗೆ ಅದು ಕೆಲಸಕ್ಕೆ ಬಾರದು, ಸುಟ್ಟೂ ಹೋಗಬಹುದು. ಕೀ ಆನ್ ಇದ್ದು ಎಂಜಿನ್ ನಿಂತಿರುವಾಗಲೇ ಮೀಟರ್ ಹನ್ನೆರಡರ ಆಸುಪಾಸು ತೋರಿಸಿದರೆ ಅದು ಬ್ಯಾಟರಿಯ ಡಿಸಿ ಲೈನ್.

ನಾಲ್ಕೈದು ಫ್ಯೂಸ್ ಇರುವ ಫ್ಯೂಸ್ ಬಾಕ್ಸ್ ನಿಮ್ಮ ಬೈಕಿನಲ್ಲಿದ್ದರೆ ಕೆಲಸ ಅಚ್ಚುಕಟ್ಟು. ಫ್ಯೂಸ್ ಟ್ಯಾಪ್ ಎಂಬ ಸಣ್ಣ ಸಾಧನ ಆಟೊಮೊಬೈಲ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇದ್ದ ಫ್ಯೂಸ್ ಕಿತ್ತು ಆ ಜಾಗಕ್ಕೆ ಇದನ್ನು ಚುಚ್ಚುವುದು. ಇದರಲ್ಲಿ ಎರಡು ಮನೆಗಳಿವೆ: ಒಂದಕ್ಕೆ ಕಿತ್ತ ಫ್ಯೂಸ್, ಇನ್ನೊಂದಕ್ಕೆ ನಮ್ಮ ಹೊಸ ಫ್ಯೂಸ್. ಹೊಸ ಫ್ಯೂಸಿನಿಂದ ಹೊರಟ ವೈರು ಸಾಕೆಟ್‌ಗೆ ಹೋಗುತ್ತದೆ. ಬೈಕಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ, ವಾರಂಟಿ ಇರುವ ಗಾಡಿಯಾದರೆ ಕಿತ್ತು ಮೊದಲಿನಂತೆ ಮಾಡಿಯೂ ಇಡಬಹುದು. ಫ್ಯೂಸಿನ ಗಾತ್ರ ಮಾತ್ರ ಹೊಂದಬೇಕು. ಬಹಳಷ್ಟು ಬೈಕ್‌ಗಳಲ್ಲಿರುವುದು ಮಿನಿ ಬ್ಲೇಡ್ ಫ್ಯೂಸ್, ಕಾರಿನ ದೊಡ್ಡ ಫ್ಯೂಸಿನ ಟ್ಯಾಪ್ ಅದಕ್ಕೆ ಕೂರುವುದಿಲ್ಲ. ಫ್ಯುಯೆಲ್ ಪಂಪ್, ಇಸಿಯು, ಎಬಿಎಸ್ ಎಂದು ಬರೆದಿರುವ ಫ್ಯೂಸ್‌ಗಳ ತಂಟೆಗೆ ಹೋಗಬಾರದು. ಹಾರ್ನ್, ಇಂಡಿಕೇಟರ್ ಫ್ಯೂಸ್ ಒಳ್ಳೆಯದು.

ಟ್ಯಾಪನ್ನು ಯಾವ ಕಡೆಗೆ ತಿರುಗಿಸಿ ಚುಚ್ಚಬೇಕು ಎನ್ನುವುದನ್ನು ಮೆಕ್ಯಾನಿಕ್‌ಗಳೂ ಎಷ್ಟೋ ಸಲ ಗಮನಿಸುವುದಿಲ್ಲ. ಎರಡು ರೀತಿಯಲ್ಲೂ ಅದು ಕೂರುತ್ತದೆ, ಎರಡು ರೀತಿಯಲ್ಲೂ ಚಾರ್ಜ್ ಆಗುತ್ತದೆ. ಆದರೆ ಉಲ್ಟಾ ಕೂತಿದ್ದರೆ ನಮ್ಮ ಸಾಕೆಟ್‌ನ ಕರೆಂಟ್ ಮೊದಲು ಹಾರ್ನಿನ ಫ್ಯೂಸ್ ದಾಟಿ, ಆಮೇಲೆ ಹೊಸ ಫ್ಯೂಸಿಗೆ ಬರುತ್ತದೆ. ಹಾರ್ನಿನ ಫ್ಯೂಸ್ ಎರಡರ ಭಾರವನ್ನೂ ಹೊರಬೇಕಾಗುತ್ತದೆ. ಸರಿಯಾಗಿ ಕೂತರೆ ಎರಡೂ ದಾರಿ ಬೇರೆ ಬೇರೆ, ಒಂದರ ಹೊರೆ ಇನ್ನೊಂದಕ್ಕಿಲ್ಲ. ತಿಳಿಯುವುದು ಸುಲಭ. ಫ್ಯೂಸ್ ಕಿತ್ತು ಕೀ ಆನ್ ಮಾಡಿ, ಖಾಲಿ ಜಾಗದ ಎರಡು ಸೀಳುಗಳಲ್ಲಿ ಯಾವುದಕ್ಕೆ 12 ವೋಲ್ಟ್ ಬರುತ್ತಿದೆ ನೋಡಿ. ಟ್ಯಾಪ್‌ನಲ್ಲಿ ಎರಡೂ ಫ್ಯೂಸಿಗೆ ಸಮಾನವಾಗಿ ಸೇರಿರುವ ಕಾಲು ಆ ಸೀಳಿನಲ್ಲಿ ಕೂರಬೇಕು. ಕೂರಿಸಿದ ಮೇಲೆ ಹಾರ್ನಿನ ಫ್ಯೂಸ್ ಮಾತ್ರ ಕಿತ್ತು ನೋಡಿ. ಸಾಕೆಟ್‌ಗೆ ಕರೆಂಟ್ ಬರುತ್ತಲೇ ಇದ್ದರೆ ಸರಿಯಾಗಿದೆ ಎಂದರ್ಥ.

ನಮ್ಮ ರಸ್ತೆಗಳಲ್ಲಿ ಹೆಚ್ಚು ಓಡುವ 100, 125 ಸಿಸಿ ಗಾಡಿಗಳಲ್ಲಿ ಹಲವಕ್ಕೆ ಬ್ಯಾಟರಿ ಪಕ್ಕ ಒಂದೇ ಮೇನ್ ಫ್ಯೂಸ್ ಇರುತ್ತದೆ. ಅದಕ್ಕೆ ಟ್ಯಾಪ್ ಹಾಕಿದರೆ ಸಾಕೆಟ್ ಸದಾ ಆನ್, ಮತ್ತೆ ಅದೇ ಬ್ಯಾಟರಿ ಇಳಿಯುವ ಕಥೆ. ಅಂಥ ಗಾಡಿಯಲ್ಲಿ ನಾನು ಹಿಡಿಯುವುದು ಮುಂದಿನ ಬ್ರೇಕ್ ಸ್ವಿಚ್‌ನ ವೈರು. ಹೆಡ್‌ಲೈಟ್ ಡೂಮ್ ಬಿಚ್ಚಿದರೆ ಅದರ ಕನೆಕ್ಟರ್ ಕೈಗೆ ಸಿಗುತ್ತದೆ. ಎರಡು ವೈರಿನಲ್ಲಿ ಬ್ರೇಕ್ ಹಿಡಿಯದೆಯೇ, ಬರೀ ಕೀ ಆನ್ ಮಾಡಿದಾಗ 12 ವೋಲ್ಟ್ ತೋರಿಸುವುದು ನಮಗೆ ಬೇಕಾದ್ದು. ಹಿಡಿದಾಗ ಮಾತ್ರ ತೋರಿಸುವುದು ಬಲ್ಬಿಗೆ ಹೋಗುವ ವೈರು, ಅದು ಬೇಡ. ಒಂದು ಫೋನಿನ 0.9 ಆಂಪನ್ನು ಈ ವೈರು ತಾಳುತ್ತದೆ. ಎರಡು ಫೋನ್, ಫಾಸ್ಟ್ ಚಾರ್ಜಿಂಗ್ ಎಂದು ಆಸೆಪಟ್ಟರೆ ಮಾತ್ರ ಬ್ಯಾಟರಿಯಿಂದ ಫ್ಯೂಸ್ ಸಮೇತ ಬೇರೆ ಲೈನ್ ಎಳೆದು, ಕೀಲಿಯಿಂದ ನಡೆಯುವ ರಿಲೇ ಹಾಕಿಸಬೇಕು.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ, ಕೊನೆಗೆ ಹಾಕಿ. ವೈರಿನ ಮೇಲ್ಪದರವನ್ನು ಒಂದು ಸೆಂಟಿಮೀಟರಿನಷ್ಟು ಹೆರೆದು, ಹೊಸ ವೈರನ್ನು ಸುತ್ತಿ, ಬೆಸುಗೆ ಹಾಕಿ, ಟೇಪ್ ಸುತ್ತಬೇಕು. ಕನೆಕ್ಟರಿನ ಪಿನ್ ಹೊರತೆಗೆಯಲು ಬಂದರೆ ಅಲ್ಲಿಂದ ಶಾಖಕ್ಕೆ ಕುಗ್ಗುವ ಸ್ಲೀವ್ ತೂರಿಸಿ ಜಂಟಿ ಮುಚ್ಚುವುದು ಇನ್ನೂ ಒಳ್ಳೆಯದು. ಬರೀ ಹೆಣೆದು ಟೇಪ್ ಸುತ್ತಿದ ಜಂಟಿಗೆ ಮಲೆನಾಡಿನ ಒಂದು ಮಳೆಗಾಲ ಸಾಕು. ತಾಮ್ರ ಹಸಿರಾಗಿ, ಫೋನ್ ಚಾರ್ಜ್ ಆಗುವುದು ನಿಲ್ಲುವುದು ಶುರುವಾಗುತ್ತದೆ. ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಬೈಕಿನ ನಡುಕಕ್ಕೆ ಆಗಿಬರುವುದಿಲ್ಲ, ವೈರಿನ ಎಳೆಗಳನ್ನೇ ಕತ್ತರಿಸುತ್ತವೆ.

ಜಂಟಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ತನ್ನ ಮುಂದಿನ ವೈರನ್ನು. ಜಂಟಿಗೂ ಫ್ಯೂಸಿಗೂ ನಡುವಿನ ತುಂಡನ್ನು ಅದು ಕಾಯಲಾರದು, ಅಲ್ಲಿ ಶಾರ್ಟ್ ಆದರೆ ಹಾರುವುದು ಮೇನ್ ಫ್ಯೂಸ್. ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಹೈವೇ ನಡುವೆ ಎಂಜಿನ್ ನಿಲ್ಲುತ್ತದೆ. ಒಂದು ಫೋನಿಗೆ 2 ಆಂಪ್‌ನ ಬೂದು ಬಣ್ಣದ ಮಿನಿ ಫ್ಯೂಸ್ ಸಾಕು, ಹೆಚ್ಚೆಂದರೆ 3 ಆಂಪ್‌ನ ನೇರಳೆ. ಸಾಕೆಟ್‌ನ ಕಪ್ಪು ವೈರನ್ನು ಬಣ್ಣ ಹೆರೆದ ಫ್ರೇಮ್ ಬೋಲ್ಟಿಗೋ ಹಾರ್ನೆಸ್‌ನ ಅರ್ಥ್ ವೈರಿಗೋ ಕಟ್ಟಿ.

ಇನ್ನು ಕನ್ವರ್ಟರ್ ಎಲ್ಲಿ ಕೂರಬೇಕು? ಸೀಟಿನ ಕೆಳಗೆ ಒಣಗಿದ ಜಾಗವಿದೆ, ಅಲ್ಲಿಟ್ಟು 5 ವೋಲ್ಟ್ ವೈರನ್ನು ಹ್ಯಾಂಡಲಿನವರೆಗೆ ಎಳೆಯೋಣ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. 0.2 ಚದರ ಮಿಲಿಮೀಟರಿನ ತೆಳು ವೈರು ಹೋಗಿಬರುವ ದೂರ ಸೇರಿ ಮೂರು ಮೀಟರ್ ಆದರೆ, 2 ಆಂಪ್ ಹರಿಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಫೋನಿಗೆ ಸಿಗುವುದು 4.5 ವೋಲ್ಟ್, ಅದು ತಾನಾಗಿ ಕರೆಂಟ್ ತಗ್ಗಿಸಿಕೊಳ್ಳುತ್ತದೆ. ಮ್ಯಾಪ್ ಆನ್ ಇಟ್ಟುಕೊಂಡು ಹೋದರೆ ಚಾರ್ಜ್‌ಗೆ ಹಾಕಿದ್ದರೂ ಪರ್ಸೆಂಟೇಜ್ ಇಳಿಯುವುದು ಇದರಿಂದಲೇ. ಅದೇ ದೂರಕ್ಕೆ 12 ವೋಲ್ಟನ್ನೇ ಅರ್ಧ ಚದರ ಮಿಲಿಮೀಟರಿನ ವೈರಿನಲ್ಲಿ ಒಯ್ದರೆ ಕಳೆಯುವುದು 0.1 ವೋಲ್ಟ್, ಅದನ್ನೂ ಕನ್ವರ್ಟರ್ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ಕನ್ವರ್ಟರ್ ಫೋನಿನ ಹತ್ತಿರವೇ ಇರಬೇಕು.

ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವ ಅಗ್ಗದ ಬೋರ್ಡುಗಳನ್ನು ಬೈಕಿಗೆ ಬಳಸಬೇಡಿ. ನಡುಕಕ್ಕೆ ಆ ಸ್ಕ್ರೂ ಸರಿದರೆ 5 ಇದ್ದದ್ದು 8, 9 ಆಗಿ ಫೋನನ್ನೇ ಸುಡಬಹುದು. 5 ವೋಲ್ಟ್‌ಗೆ ಸ್ಥಿರವಾಗಿ ಮಾಡಿದ, ಎಪಾಕ್ಸಿ ತುಂಬಿ ಮುಚ್ಚಿದ ಮಾಡ್ಯೂಲ್ ತೆಗೆದುಕೊಳ್ಳಿ. ನೀವೇ ಸಾಕೆಟ್ ಜೋಡಿಸುವುದಾದರೆ ಹಳೆಯ ಚೌಕ ಯುಎಸ್‌ಬಿಯ ನಡುವಿನ ಎರಡು ಡೇಟಾ ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿ. ಇದು ಚಾರ್ಜರ್ ಎಂದು ಫೋನಿಗೆ ತಿಳಿಯುವುದು ಅದರಿಂದ. ಇಲ್ಲವಾದರೆ ಹಲವು ಫೋನ್‌ಗಳು ಅರ್ಧ ಆಂಪ್‌ಗಿಂತ ಹೆಚ್ಚು ಎಳೆಯುವುದೇ ಇಲ್ಲ.

ಎಲ್ಲ ಮುಗಿದ ಮೇಲೆ ಫೋನ್ ಸಿಕ್ಕಿಸುವ ಮೊದಲು ಸಾಕೆಟ್‌ನಲ್ಲಿ 5ರಿಂದ 5.2 ವೋಲ್ಟ್ ಇದೆಯೇ ನೋಡಿ. ಆಮೇಲೆ ಫೋನ್ ಸಿಕ್ಕಿಸಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 13ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. 12.6ರ ಕಡೆಗೆ ಜಾರುತ್ತಿದ್ದರೆ ಐಡಲ್‌ನಲ್ಲಿ ಬ್ಯಾಟರಿಯೇ ಕೈಯಿಂದ ಕೊಡುತ್ತಿದೆ, ಸಿಲ್ಕ್ ಬೋರ್ಡ್‌ನಂಥ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ನಿಲ್ಲುವವರು ಅಲ್ಲಿ ಫೋನ್ ತೆಗೆದಿಡುವುದು ಲೇಸು.

ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ವೈರು ಬಿಗಿಯಬಾರದು, ಆಕ್ಸಿಲರೇಟರ್ ಕೇಬಲ್ಲಿಗೆ ತಾಗಿ ಎಂಜಿನ್ ಸದ್ದು ಬದಲಾಗಬಾರದು. ಕೆಲವು ತಿಂಗಳ ನಂತರ ಫ್ಯೂಸ್ ಹಾರಲು ಶುರುವಾದರೆ 10 ಆಂಪ್‌ನ ಕೆಂಪು ಫ್ಯೂಸ್ ಹಾಕಿ ಬಾಯಿ ಮುಚ್ಚಿಸಲು ಹೋಗಬೇಡಿ. ಸಾಮಾನ್ಯವಾಗಿ ವೈರು ಸವೆಯುವುದು ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ, ಫ್ರೇಮಿನ ಅಂಚಿಗೆ ಉಜ್ಜಿ. ಮೊದಲು ಅಲ್ಲಿ ನೋಡಿ, ಸವೆದ ತುಂಡು ಬದಲಿಸಿ, ಮೇಲೊಂದು ರಬ್ಬರ್ ಸ್ಲೀವ್ ತೊಡಿಸಿ, ಮತ್ತೆ ಅದೇ 2 ಆಂಪ್ ಫ್ಯೂಸ್ ಹಾಕಿ.