ಸಣ್ಣ ಚಾನೆಲ್‌ನ ಕ್ಲಿಕ್ ದರ: ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ

ಯೂಟ್ಯೂಬ್ ಚಾನೆಲ್ಲೊಂದರ ಥಂಬ್‌ನೇಲ್ 2,000 ಬಾರಿ ಕಾಣಿಸಿಕೊಂಡು 90 ಕ್ಲಿಕ್ ಪಡೆದರೆ ಅದರ ಕ್ಲಿಕ್ ದರ ಶೇ. 4.5. ಆದರೆ ಇದು ಒಂದು ಮಾದರಿಯ ಫಲ ಮಾತ್ರ. ನಿಜವಾದ ದರ ಇದರ ಆಚೀಚೆ ಇರಬಹುದು. ಆ ವ್ಯಾಪ್ತಿಯನ್ನು ಕಾನ್ಫಿಡೆನ್ಸ್ ಇಂಟರ್ವಲ್ ತಿಳಿಸುತ್ತದೆ.

ಸರಳ ಸೂತ್ರದಲ್ಲಿ p ಕ್ಲಿಕ್ ದರ, n ಇಂಪ್ರೆಷನ್‌ಗಳ ಸಂಖ್ಯೆ:

```
p ± 1.96 × √(p(1−p)/n)
```

ಇಲ್ಲಿ p = 0.045, n = 2000. ವರ್ಗಮೂಲ ಸುಮಾರು 0.0046, ಅದನ್ನು 1.96ರಿಂದ ಗುಣಿಸಿದರೆ 0.009. ಹೀಗಾಗಿ ಶೇ. 95 ವಿಶ್ವಾಸದ ವ್ಯಾಪ್ತಿ ಶೇ. 3.6ರಿಂದ 5.4.

ಕ್ಲಿಕ್‌ಗಳು ತೀರಾ ಕಡಿಮೆಯಿದ್ದರೆ ಈ ಸೂತ್ರ ಕೈಕೊಡುತ್ತದೆ. 100 ಇಂಪ್ರೆಷನ್‌ಗೆ 2 ಕ್ಲಿಕ್ ಬಂದಾಗ ಕೆಳಮಿತಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಂಥ ದರ ಇರಲು ಸಾಧ್ಯವೇ ಇಲ್ಲ. ಎಡ್ವಿನ್ ವಿಲ್ಸನ್ 1927ರಲ್ಲಿ ಪ್ರಕಟಿಸಿದ ಸೂತ್ರ ಇದೇ ಅಂಕಿಗಳಿಗೆ ಶೇ. 0.6ರಿಂದ 7 ಎಂಬ ಅರ್ಥಪೂರ್ಣ ವ್ಯಾಪ್ತಿ ಕೊಡುತ್ತದೆ.

ಇನ್ನೊಂದು ಥಂಬ್‌ನೇಲ್ 2,000 ಇಂಪ್ರೆಷನ್‌ಗೆ 110 ಕ್ಲಿಕ್ ಪಡೆದರೆ, ಅದೇ ಉತ್ತಮವೆನ್ನಬಹುದೇ? ವ್ಯತ್ಯಾಸ ಶೇಕಡಾ 1 ಅಂಶ. ಅದರ ಅನಿಶ್ಚಿತತೆ ಆಚೀಚೆ 1.35 ಅಂಶ. ಈ ವ್ಯಾಪ್ತಿಯೊಳಗೆ ಸೊನ್ನೆಯೂ ಸೇರುವುದರಿಂದ ತೀರ್ಮಾನಕ್ಕೆ ಆಧಾರ ಸಾಲದು.

ಪ್ರತಿ ಇಂಪ್ರೆಷನ್ ಸ್ವತಂತ್ರವೆಂದು ಈ ಲೆಕ್ಕ ಭಾವಿಸುತ್ತದೆ. ಒಬ್ಬರಿಗೇ ಥಂಬ್‌ನೇಲ್ ಹಲವು ಬಾರಿ ಕಂಡಿದ್ದರೆ ನಿಜವಾದ ವ್ಯಾಪ್ತಿ ಸಾಮಾನ್ಯವಾಗಿ ಇನ್ನೂ ಅಗಲ.